ನೀರು ಗೀರು, ಮಳೆ ಗಿಳೆ: ಇಂಗ್ಲಿಷಿಗೆ ಯಾವ ದಾರಿ ವಾಸಿ?

ದಾವಣಗೆರೆಯಲ್ಲಿ ಗೆಳೆಯರು ಸೇರಿ ಮಾಡಿದ ಕಿರುಚಿತ್ರಕ್ಕೆ ಇಂಗ್ಲಿಷ್ ಸಬ್‌ಟೈಟಲ್ ಬೇಕಿತ್ತು. ದುಡ್ಡು ಕೊಟ್ಟು ಹೊರಗೆ ಮಾಡಿಸಿದೆವು. ಬಂದದ್ದು ನೋಡಿದರೆ 'ಗೀರು', 'ಗಿಳೆ' ಇದ್ದಲ್ಲೆಲ್ಲ 'ಆ್ಯಂಡ್ ಸ್ಟಫ್' ಅಂಟಿಸಿದ್ದರು. ದುಡ್ಡಂತೂ ಹೋಯಿತು. ಆ ಸಾಲುಗಳನ್ನು ನಾನೇ ಕೂತು ನಾಲ್ಕು ಥರ ಮಾಡಿ ನೋಡಿದೆ. ನನ್ನ ಓಟು ಯಾವುದಕ್ಕೆ ಅಂತ ಮೊದಲೇ ಹೇಳಿಬಿಡುತ್ತೇನೆ: 'ಗಿ' ಪದವನ್ನು ಕೈಬಿಟ್ಟು, ಅದು ಮಾಡುವ ಕೆಲಸವನ್ನು ವಾಕ್ಯದ ಇನ್ನೊಂದು ಜಾಗದಲ್ಲಿ ಮಾಡಿಸುವುದಕ್ಕೆ.

'ಆ್ಯಂಡ್ ಸ್ಟಫ್' ಎಲ್ಲ ಕಡೆಯೂ ಕೆಟ್ಟದ್ದಲ್ಲ. 'ಬಟ್ಟೆ ಗಿಟ್ಟೆ ತಗೊಂಡು ಬಂದ್ವಿ' ಅನ್ನುವಲ್ಲಿ ಸರಿಯಾಗೇ ಕೂರುತ್ತದೆ. ಬಟ್ಟೆಯೂ ತಂದಿದ್ದಾರೆ, ಜೊತೆಗೆ ಇನ್ನೇನೋ ತಂದಿದ್ದಾರೆ. ತೊಂದರೆ ಶುರುವಾಗುವುದು ಇನ್ನೂ ನಡೆಯದೇ ಇರುವ ಮಾತಿನಲ್ಲಿ.

ನಮ್ಮ ಚಿತ್ರದಲ್ಲಿ ಅಪ್ಪ ಮಗನಿಗೆ, 'ಮಳೆ ಗಿಳೆ ಬಂದ್ರೆ ಮೆಕ್ಕೆಜೋಳ ಒಳಗೆ ಹಾಕು' ಅನ್ನುತ್ತಾನೆ. ಅವರು ಬರೆದದ್ದು 'ಇಫ್ ಇಟ್ ರೈನ್ಸ್ ಆ್ಯಂಡ್ ಸ್ಟಫ್'. ಅಂದರೆ ಮಳೆ ಬರಬೇಕು, ಜೊತೆಗೆ ಇನ್ನೇನೋ ಆಗಬೇಕು, ಆಮೇಲೆ ಕಾಳು ಒಳಗೆ! ಅಪ್ಪ ಹೇಳಿದ್ದು ಅದಲ್ಲ. ಮಳೆ ಬರುತ್ತೆ ಅಂತ ಅವನಿಗೇ ಖಾತ್ರಿಯಿಲ್ಲ. ಒಂದು ವೇಳೆ ಬಂದರೆ, ಅಥವಾ ಅಂಥದ್ದೇ ಏನಾದರೂ ಆದರೆ, ಅಷ್ಟೇ. ಈ 'ಗಿಳೆ' ಇಲ್ಲಿ ಮಳೆಗೆ ಇನ್ನೊಂದು ಸಾಮಾನು ಸೇರಿಸುತ್ತಿಲ್ಲ, 'ಬಂದ್ರೆ' ಅನ್ನುವುದನ್ನು ಇನ್ನಷ್ಟು ಸಡಿಲ ಮಾಡುತ್ತಿದೆ. ಹಾಗಾಗಿ 'ಇನ್ ಕೇಸ್ ಇಟ್ ರೈನ್ಸ್' ಅಂದರೆ ಸಾಕು. ಅನುಮಾನ ಎಲ್ಲಾ 'ಇನ್ ಕೇಸ್' ಒಳಗೆ ಬಂತು. ಸಬ್‌ಟೈಟಲ್‌ಗೆ ಸಾಮಾನ್ಯವಾಗಿ ಸಾಲಿಗೆ 42 ಅಕ್ಷರದ ಮಿತಿ ಇಟ್ಟುಕೊಳ್ಳುತ್ತಾರೆ. ಅಲ್ಲಿ ಇದು ಐದು ಅಕ್ಷರ ಉಳಿಸುತ್ತದೆ ಕೂಡ.

ಕ್ರಿಯಾಪದಕ್ಕೂ ಇದೇ ಕತೆ. 'ಬಿದ್ದು ಗಿದ್ದು ಬಿಟ್ಟೀಯ' ಅಂತ ಅಜ್ಜಿ ಕೂಗಿದರೆ ಅದರಲ್ಲಿ ಭಯ ಇದೆ, ಪಟ್ಟಿ ಇಲ್ಲ. 'ಕೇರ್‌ಫುಲ್, ಯೂ ಮೈಟ್ ಫಾಲ್' ಅನ್ನುವುದರಲ್ಲಿ ಆ ಭಯ 'ಮೈಟ್'ಗೆ ಹೋಯಿತು.

ಇನ್ನು ಉಪಚಾರದ ಮಾತು. ಮನೆಗೆ ಬಂದವರಿಗೆ 'ನೀರು ಗೀರು ಬೇಕೇನ್ರಿ?' ಅಂದಾಗ ಬಂದವರು ನೀರು ಬಿಟ್ಟು ಮಜ್ಜಿಗೆ ಕೇಳಿದರೂ ನಡೆಯುತ್ತೆ ಅಂತ ಅರ್ಥ. ಬೇಡ ಅನ್ನುವುದಕ್ಕೂ ದಾರಿ ಬಿಟ್ಟಿರುತ್ತೆ. 'ಕ್ಯಾನ್ ಐ ಗೆಟ್ ಯೂ ಎನಿಥಿಂಗ್? ವಾಟರ್?' ಅಂತ ಒಡೆದೆ. ತುಂಬಾ ಹಿಡಿಸಿತು.

ಆಸೆ ಹುಟ್ಟಿಸಿದ್ದು 'ಶ್ಮ' ದಾರಿ. ಇಂಗ್ಲಿಷಿನಲ್ಲೂ 'ಡಾಕ್ಟರ್-ಶ್ಮಾಕ್ಟರ್' ಅನ್ನುವ ಜೋಡಿ ಉಂಟು. ಯಿಡ್ಡಿಷ್ ಮಾತಾಡುವ ಯಹೂದಿಗಳಿಂದ ಅಮೆರಿಕದ ಇಂಗ್ಲಿಷಿಗೆ ಬಂದದ್ದು. ನೋಡಲು ನಮ್ಮ 'ಡಾಕ್ಟ್ರು ಗೀಕ್ಟ್ರು' ಥರವೇ ಇದೆ, ಮೊದಲ ಸದ್ದು ಬದಲಾಗಿ ಉಳಿದದ್ದು ಹಾಗೇ. ಆದರೆ ಅದರಲ್ಲಿ ಯಾವಾಗಲೂ ತಾತ್ಸಾರ ಇರುತ್ತೆ. 'ಡಾಕ್ಟ್ರು ಗೀಕ್ಟ್ರು ಯಾರೂ ಬ್ಯಾಡ' ಅನ್ನುವ ಸಾಲಿಗೆ ಒಪ್ಪುತ್ತೆ. ಅತಿಥಿಗೆ 'ವಾಟರ್-ಶ್ಮಾಟರ್' ಅಂದರೆ ಅವಮಾನ. ಅದೂ ಅಲ್ಲದೆ ನಮ್ಮ ಅಜ್ಜಿ ನ್ಯೂಯಾರ್ಕಿನವಳಾಗಿಬಿಡುತ್ತಾಳೆ. ನಾನು 'ಐ ಡೋಂಟ್ ನೀಡ್ ಎನಿ ಡಾಕ್ಟರ್' ಅಂತಲೇ ಉಳಿಸಿಕೊಂಡೆ, ಮುಖದ ಸಿಡುಕು ಪರದೆ ಮೇಲೆ ಹೇಗೂ ಕಾಣುತ್ತಲ್ಲ.

'ಗೀರು' ಅಂತಲೇ ಇಂಗ್ಲಿಷ್ ಅಕ್ಷರದಲ್ಲಿ ಬಿಡುವುದು? ಪುಸ್ತಕದಲ್ಲಿ ಒಂದೆರಡು ಪುಟ ಓದುವಷ್ಟರಲ್ಲಿ ರೂಢಿಯಾಗಬಹುದು. ಪರದೆ ಮೇಲೆ ಅಷ್ಟು ಹೊತ್ತು ಯಾರು ಕೊಡುತ್ತಾರೆ?

ಅದೇ ಪದ ಎರಡು ಸಲ ಬಂದರೆ ತಲೆನೋವು ಕಮ್ಮಿ. 'ದೊಡ್ಡ ದೊಡ್ಡ ಮನೆ' ಅಂದರೆ ಬಹುವಚನ ಹಾಕಿದರೆ ಮುಗೀತು, 'ಬಿಗ್ ಬಿಗ್' ಬೇಡ. 'ಬಿಸಿಬಿಸಿ'ಗೆ 'ಪೈಪಿಂಗ್ ಹಾಟ್' ಇದೆ. 'ಮನೆಮನೆಗೂ' ಅಂದರೆ 'ಎವ್ರಿ ಹೌಸ್'.

ನನ್ನ ದಾರಿಗೂ ಒಂದು ಕಡೆ ಅಡ್ಡಿ ಬಂತು. ಚಿತ್ರದಲ್ಲಿ 'ನೀರು ಗೀರು ಬೇಕೇನೋ?' ಅಂತ ಸೋದರಮಾವ ಕೇಳುತ್ತಾನೆ. ಹುಡುಗ, 'ನೀರು ಬ್ಯಾಡ ಮಾವ, ಗೀರು ಇದ್ರೆ ಕೊಡು' ಅನ್ನುತ್ತಾನೆ. ಇಲ್ಲಿ 'ಗೀರು' ಕೈಬಿಟ್ಟರೆ ನಗುವೇ ಹೋಯಿತು. ಕೊನೆಗೆ ಮಾವನ ಬಾಯಲ್ಲಿ 'ವಾಟರ್ ಆರ್ ಸಮ್‌ಥಿಂಗ್?' ಹಾಕಿದೆ, ಹುಡುಗನ ಬಾಯಲ್ಲಿ 'ಐ ವಿಲ್ ಟೇಕ್ ದ ಸಮ್‌ಥಿಂಗ್'. ಇಡೀ ಚಿತ್ರದಲ್ಲಿ 'ಆರ್ ಸಮ್‌ಥಿಂಗ್' ಬಳಸಿದ್ದು ಅಲ್ಲೊಂದೇ ಕಡೆ.