ಎರಡು ಮಕ್ಕಳಿರುವ ನೋಡನ್ನು ಅಳಿಸುವಾಗ: ಮೌಲ್ಯದ ನಕಲೋ, ಕೊಂಡಿಗಳ ಮರುಜೋಡಣೆಯೋ?

ಪೇರೆಂಟ್ ಪಾಯಿಂಟರ್ ಇರುವ ಸರ್ಚ್ ಟ್ರೀಗೆ ಹೊಸ ನೋಡ್ ಸೇರಿಸುವಾಗ ಎರಡೂ ವಿಧಾನಗಳು ಒಂದೇ: ಎಲೆಯ ಸ್ಥಾನದಲ್ಲಿ ತಾಯಿಯಿಂದ ಮಗುವಿಗೆ, ಮಗುವಿನಿಂದ ತಾಯಿಗೆ ಒಂದೊಂದು ಕೊಂಡಿ. ಆಯ್ಕೆ ಎದುರಾಗುವುದು ಅಳಿಸುವಾಗ.

ಬೇರು 50, ಅದರ ಮಕ್ಕಳು 30 ಮತ್ತು 70, 70ರ ಎಡಕ್ಕೆ 60, 60ರ ಬಲಕ್ಕೆ 65 ಇರುವ ಮರದಿಂದ 50ನ್ನು ತೆಗೆಯೋಣ. 50ಕ್ಕಿಂತ ದೊಡ್ಡ ಮೌಲ್ಯಗಳಲ್ಲಿ ಅತಿ ಚಿಕ್ಕದಾದ 60 ಅದರ ಉತ್ತರಾಧಿಕಾರಿ, ತೆರವಾಗುವ ಜಾಗಕ್ಕೆ ಬರುವುದು ಅದೇ. ನಕಲಿನಲ್ಲಿ ಅದರ ಮೌಲ್ಯ ಮಾತ್ರ ಅಲ್ಲಿಗೆ ಬರುತ್ತದೆ, ಮರುಜೋಡಣೆಯಲ್ಲಿ ಆ ನೋಡೇ ಬರುತ್ತದೆ.

ಬರೆಯುವ ಸುಲಭತೆಯಲ್ಲಿ ನಕಲು ಮುಂದಿದೆ. ಬೇರಿನಲ್ಲಿ 60 ಎಂದು ಬರೆದು, 65ನ್ನು 70ರ ಎಡಕ್ಕೆ ಜೋಡಿಸಿ, 65ರ ಪೇರೆಂಟನ್ನು 70 ಮಾಡಿದರೆ ಸಾಕು. ಮರುಜೋಡಣೆಯಲ್ಲಿ ಇದರ ಜೊತೆಗೆ 60ರ ಮಕ್ಕಳಾಗಿ 30 ಮತ್ತು 70ನ್ನು, ಅವೆರಡರ ಪೇರೆಂಟ್ ಆಗಿ 60ನ್ನು ಬರೆಯಬೇಕು. 60ರ ಪೇರೆಂಟನ್ನು ಶೂನ್ಯಗೊಳಿಸಿ, ಬೇರಿನ ಪಾಯಿಂಟರನ್ನೂ ಬದಲಿಸಬೇಕು. ಉತ್ತರಾಧಿಕಾರಿಯೇ ನೇರ ಬಲ ಮಗುವಾಗಿದ್ದರೆ ಅದರ ಬಲ ಕೊಂಡಿಯನ್ನು ಮುಟ್ಟಬಾರದು, ಮುಟ್ಟಿದರೆ ಅದು ತನ್ನನ್ನೇ ತೋರಿಸುತ್ತ ಹುಡುಕಾಟ ಮುಗಿಯದೆ ಸುತ್ತುತ್ತದೆ.

ಆದರೆ ನಕಲಿನಲ್ಲಿ ನಿಜವಾಗಿ ನಾಶವಾಗುವುದು 60ರ ನೋಡ್. ಅದನ್ನು ಹಿಡಿದಿದ್ದ ಹೊರಗಿನ ಪಾಯಿಂಟರ್, ಯಾರೂ 60ನ್ನು ಅಳಿಸದಿದ್ದರೂ, ನಿಷ್ಪ್ರಯೋಜಕವಾಗುತ್ತದೆ. C++ನ `std::map` ಅಳಿಸದ ಅಂಶಗಳ ಇಟರೇಟರ್‌ಗಳು ಉಳಿಯುತ್ತವೆಂದು ಭರವಸೆ ಕೊಡುವುದರಿಂದ ಅಂಥಲ್ಲಿ ಮರುಜೋಡಣೆಯೇ ಬೇಕು. ಮೌಲ್ಯ ದೊಡ್ಡದಾಗಿದ್ದು ನಕಲು ದುಬಾರಿಯಾದಾಗಲೂ ಅದೇ ಲೇಸು. ನೋಡ್‌ಗಳು ಹೊರಗೆ ಕಾಣದ, ಪೂರ್ಣಾಂಕಗಳಷ್ಟೇ ಇರುವ ಮರಕ್ಕೆ ನಾನು ನಕಲನ್ನೇ ಆರಿಸುತ್ತೇನೆ.

ಯಾವುದನ್ನು ಆರಿಸಿದರೂ ಪ್ರತಿ ಬದಲಾವಣೆಯ ನಂತರ ಇಡೀ ಮರವನ್ನು ಸುತ್ತಿ, ಇರುವ ಪ್ರತಿ ಮಗುವಿಗೂ `x.left.parent == x`, `x.right.parent == x` ಎಂಬುದನ್ನು ಪರೀಕ್ಷಿಸಿರಿ. 65ರ ಪೇರೆಂಟ್ ಹಳೆಯ 60ರಲ್ಲೇ ಉಳಿದಿದ್ದರೆ ಮೇಲಿಂದ ಕೆಳಗಿನ ಹುಡುಕಾಟದಲ್ಲಿ ಆ ದೋಷ ಕಾಣುವುದೇ ಇಲ್ಲ.