ಚಂದ್ರನ ಸುತ್ತಲಿನ ಕಪ್ಪನ್ನು ತೆಗೆಯುವ ಮೂರು ವಿಧಾನಗಳು: ಒಂದೇ ಚಿತ್ರದ ಮೇಲೆ ಮಾಡಿ ನೋಡಿದ ಹೋಲಿಕೆ

ನಮ್ಮೂರಿನ ಯಕ್ಷಗಾನ ಪ್ರದರ್ಶನದ ಭಿತ್ತಿಪತ್ರಕ್ಕೆ ತಿಳಿಹಳದಿ ಹಿನ್ನೆಲೆಯ ಮೇಲೆ ಚಂದ್ರನೊಬ್ಬನನ್ನೇ ಇಡಬೇಕಾಗಿತ್ತು. ಶಿವಮೊಗ್ಗದ ನಮ್ಮ ಮನೆಯ ತಾರಸಿಯಿಂದ ಶುಕ್ಲ ದಶಮಿಯ ರಾತ್ರಿ 300 ಎಂಎಂ ಲೆನ್ಸಿನಲ್ಲಿ ತೆಗೆದ ಚಿತ್ರ ನನ್ನಲ್ಲಿತ್ತು. ಅದರಲ್ಲಿ ಚಂದ್ರಬಿಂಬದ ಅಡ್ಡಳತೆ ಸುಮಾರು 700 ಪಿಕ್ಸೆಲ್. ಗಿಂಪ್ ತಂತ್ರಾಂಶದಲ್ಲಿ ಆ ಒಂದೇ ಚಿತ್ರವನ್ನು ಮೂರು ಬಗೆಯಲ್ಲಿ ಕತ್ತರಿಸಿ, ಪ್ರತಿ ಬಾರಿಯೂ ಅಡಿಯಲ್ಲಿ ಹಳದಿ ಲೇಯರ್ ಒಂದನ್ನು ಇಟ್ಟು ಪರೀಕ್ಷಿಸಿದೆ. ಕಪ್ಪು ಹಿನ್ನೆಲೆಯ ಮೇಲೆ ನೋಡಿದರೆ ಎಲ್ಲ ವಿಧಾನಗಳೂ ಚೆನ್ನಾಗಿಯೇ ಕಾಣುವುದರಿಂದ ಈ ಹಳದಿ ಲೇಯರ್ ಅಗತ್ಯ.

ಹುಣ್ಣಿಮೆಯ ಚಿತ್ರವಾಗಿದ್ದರೆ ಇಷ್ಟು ಶ್ರಮವೇ ಬೇಕಿರಲಿಲ್ಲ. ವೃತ್ತಾಕಾರದ ಸೆಲೆಕ್ಷನ್ ಮಾಡಿ, ಅದನ್ನು ಒಂದೆರಡು ಪಿಕ್ಸೆಲ್ ಒಳಕ್ಕೆ ಕುಗ್ಗಿಸಿ, ಹೊರಗಿನದನ್ನು ಅಳಿಸಿದರೆ ಕೆಲಸ ಮುಗಿಯುತ್ತದೆ. ದಶಮಿಯ ಚಂದ್ರನಿಗಾದರೋ ಎರಡು ಬಗೆಯ ಅಂಚುಗಳಿವೆ. ಚಂದ್ರನಲ್ಲಿ ವಾತಾವರಣವಿಲ್ಲದ ಕಾರಣ ಬೆಳಗಿದ ಹೊರ ಅಂಚು ಚಾಕುವಿನಿಂದ ಕೊಯ್ದಷ್ಟು ಸ್ಪಷ್ಟವಾಗಿರುತ್ತದೆ. ಆದರೆ ಹಗಲು ಮತ್ತು ರಾತ್ರಿ ಸೇರುವ ಗಡಿಯಲ್ಲಿ ಬಿಸಿಲು ನೆಲಕ್ಕೆ ಓರೆಯಾಗಿ ಬೀಳುವುದರಿಂದ ಬೆಳಕು ನಿಧಾನವಾಗಿ ಕಪ್ಪಿಗೆ ಇಳಿಯುತ್ತದೆ. ವಿಧಾನಗಳ ನಡುವಿನ ವ್ಯತ್ಯಾಸ ಕಂಡದ್ದು ಈ ಎರಡನೆಯ ಅಂಚಿನಲ್ಲಿಯೇ.

ಮೊದಲು ಬಳಸಿದ್ದು `Fuzzy Select`. ಮೂಲೆಯ ಆಕಾಶದ ಮೇಲೆ ಒತ್ತಿದರೆ ಅದಕ್ಕೆ ಹೊಂದಿಕೊಂಡ, ಅದರಷ್ಟೇ ಕಪ್ಪಾದ ಭಾಗವೆಲ್ಲ ಸೆಲೆಕ್ಟ್ ಆಗುತ್ತದೆ. ಮಲೆನಾಡಿನ ತೇವದ ಗಾಳಿ ಇಲ್ಲಿ ತೊಡಕಾಯಿತು. 0ರಿಂದ 255ರ ಹೊಳಪಿನ ಅಳತೆಯಲ್ಲಿ ಮೂಲೆಯ ಆಕಾಶ 5 ಇದ್ದರೆ, ಚಂದ್ರನ ಪಕ್ಕದಲ್ಲಿ ಅದು 18ಕ್ಕೆ ಏರಿತ್ತು. `Threshold` 10 ಇಟ್ಟಾಗ ಚಂದ್ರನ ಸುತ್ತ ಮಂಜಿನ ಬಳೆಯೊಂದು ಕಪ್ಪಾಗಿ ಉಳಿಯಿತು. 25ಕ್ಕೆ ಏರಿಸಿದಾಗ ಬಳೆ ಹೋಯಿತು, ಆದರೆ ಸೆಲೆಕ್ಷನ್ ಹಗಲು-ರಾತ್ರಿಯ ಗಡಿಯನ್ನು ದಾಟಿ ಕುಳಿಗಳ ನೆರಳಿನೊಳಕ್ಕೆ ನೀರಿನಂತೆ ನುಗ್ಗಿ, ಅಲ್ಲಿನ ಅಂಚನ್ನು ಇಲಿ ಕಡಿದ ರೊಟ್ಟಿಯಂತೆ ಮಾಡಿತು. ಇವೆರಡರ ನಡುವೆ ಸರಿಯಾದ ಅಂಕಿಯೊಂದು ನನ್ನ ಚಿತ್ರಕ್ಕೆ ಸಿಗಲಿಲ್ಲ.

ಎರಡನೆಯದು `Color to Alpha`. ಕಪ್ಪನ್ನು ಆಯ್ದು, ಉಳಿದದ್ದನ್ನು ಇದ್ದಂತೆಯೇ ಬಿಟ್ಟು ಒಪ್ಪಿಗೆ ಕೊಟ್ಟಾಗ ಗಡಿಯ ಭಾಗ ಬಹಳ ಮೃದುವಾಗಿ ಬಂತು. ಆದರೆ ಈ ವಿಧಾನಕ್ಕೆ ಬೂದು ಎಂದರೆ ಅರೆಪಾರದರ್ಶಕವಾದ ಬಿಳುಪು. ಹೀಗಾಗಿ ಚಂದ್ರನ ಮೈಯೆಲ್ಲ ಗಾಜಿನಂತಾಗಿ, ನಾವು ಮೊಲವೆಂದು ಕರೆಯುವ ಕಲೆಗಳಲ್ಲಿ ಹಳದಿ ತುಂಬಿಕೊಂಡಿತು. ಬಿಳಿ ಹಿನ್ನೆಲೆ ಇಟ್ಟು ನೋಡಿದಾಗ ಚಂದ್ರನೇ ಹೆಚ್ಚುಕಡಿಮೆ ಮಾಯವಾದ. ಕಪ್ಪು ಅಥವಾ ಕಡುನೀಲಿ ಆಕಾಶದ ಮೇಲೆ ಮತ್ತೆ ಇಡುವುದಾದರೆ ಮಾತ್ರ ಇದು ಒಪ್ಪುತ್ತದೆ.

ಮೂರನೆಯದು ಅದೇ `Color to Alpha`. ಆದರೆ ಅದರ ಎರಡು ಮಿತಿಗಳನ್ನು ಚಿತ್ರದಲ್ಲಿ ಅಳೆದು ಕೊಟ್ಟದ್ದು. ಗಿಂಪ್ 2.10ರಲ್ಲಿ ಈ ಮಿತಿಗಳಿವೆ. `Color Picker`ನಿಂದ ಚಂದ್ರನ ಪಕ್ಕದ ಆಕಾಶವನ್ನೂ ಮೊಲದ ಅತಿ ಕಪ್ಪಾದ ಭಾಗವನ್ನೂ ಓದಿದೆ. ಅವು 18 ಮತ್ತು 80 ಇದ್ದವು. 255ರಿಂದ ಭಾಗಿಸಿದರೆ ಕ್ರಮವಾಗಿ 0.07 ಮತ್ತು 0.31. ಆದ್ದರಿಂದ `Transparency threshold` 0.07, `Opacity threshold` 0.30 ಎಂದು ಕೊಟ್ಟೆ. ಮೊದಲನೆಯದಕ್ಕಿಂತ ಕಪ್ಪಾದದ್ದು ಪೂರ್ತಿ ಪಾರದರ್ಶಕವಾಯಿತು, ಎರಡನೆಯದಕ್ಕಿಂತ ಬೆಳ್ಳಗಿರುವುದು ಪೂರ್ತಿ ಗಟ್ಟಿಯಾಯಿತು, ನಡುವಿನದು ಹಂತಹಂತವಾಗಿ ಕರಗಿತು. ಮಂಜಿನ ಬಳೆಯೂ ಹೋಯಿತು, ಮೊಲವೂ ತನ್ನ ಬಣ್ಣದಲ್ಲೇ ಉಳಿಯಿತು. ನನ್ನ ಆಯ್ಕೆ ಇದೇ.

ಇದರಲ್ಲಿಯೂ ಎರಡು ಕೊರತೆಗಳನ್ನು ಕೈಯಿಂದ ಸರಿಪಡಿಸಬೇಕಾಯಿತು. ದಶಮಿಯಂದು ಗಡಿಯ ಸಮೀಪವಿರುವ ಕೋಪರ್ನಿಕಸ್ ಮತ್ತು ಕ್ಲೇವಿಯಸ್ ಕುಳಿಗಳ ನೆರಳು ಆಕಾಶದಷ್ಟೇ ಕಪ್ಪಾಗಿರುವುದರಿಂದ ಅಲ್ಲಿ ತೂತು ಬಿದ್ದು ಹಳದಿ ಚುಕ್ಕೆಗಳು ಕಂಡವು. ಮೂಲ ಚಿತ್ರದ ಒಂದು ಪ್ರತಿಯನ್ನು ಕೆಳಗಿನ ಲೇಯರಿನಲ್ಲಿಟ್ಟು, ಸುತ್ತಲೂ ಬೆಳಕಿರುವ ಕುಳಿಗಳ ಭಾಗವನ್ನಷ್ಟೇ ಅದರಲ್ಲಿ ಉಳಿಸಿ ಮಿಕ್ಕದ್ದನ್ನು ಅಳಿಸಿದಾಗ ತೂತುಗಳು ಮುಚ್ಚಿದವು. ಗಡಿಗೇ ತೆರೆದುಕೊಂಡ ನೆರಳುಗಳನ್ನು ಮುಟ್ಟಲಿಲ್ಲ, ಏಕೆಂದರೆ ಅವು ರಾತ್ರಿಯ ಭಾಗವೇ. ಇನ್ನು ಹೊರ ಅಂಚಿನಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ ಉಳಿದಿತ್ತು. ಬಿಂಬಕ್ಕೆ ಹೊಂದುವ ವೃತ್ತಾಕಾರದ ಸೆಲೆಕ್ಷನ್ ಅನ್ನು ಒಂದು ಪಿಕ್ಸೆಲ್ ಕುಗ್ಗಿಸಿ ಹೊರಗಿನದನ್ನು ಅಳಿಸಿದಾಗ ಅದೂ ಹೋಯಿತು. ಜೆಪೆಗ್ ಕಡತದಲ್ಲಿ ಪಾರದರ್ಶಕತೆ ಉಳಿಯದ ಕಾರಣ, ಮುದ್ರಣಕ್ಕೆ ಕೊಟ್ಟದ್ದು ಪಿಎನ್‌ಜಿ ಪ್ರತಿಯನ್ನು.