ನೆರಳೋ, ರೆಸಲ್ಯೂಶನ್ನೋ: ಮೊದಲು ಯಾವುದನ್ನು ಇಳಿಸಬೇಕು?

ಸೆಕೆಂಡಿಗೆ 60 ಫ್ರೇಮು ಸಿಗಬೇಕಾದರೆ ಫೋನು ಒಂದೊಂದು ಫ್ರೇಮನ್ನೂ ಸುಮಾರು 16.7 ಮಿಲಿಸೆಕೆಂಡಿನೊಳಗೆ ಚಿತ್ರಿಸಿ ಮುಗಿಸಬೇಕು. ನನ್ನ ಮಧ್ಯಮ ದರ್ಜೆಯ ಫೋನಿನಲ್ಲಿ, ಎಲ್ಲ ಸೆಟ್ಟಿಂಗೂ ಮೇಲಿದ್ದಾಗ, ತೆರೆದ ಲೋಕದ ಆಟವೊಂದು ಹುಲ್ಲುಗಾವಲಿನಲ್ಲಿ 44ಕ್ಕೂ ಪೇಟೆಬೀದಿಯಲ್ಲಿ 38ಕ್ಕೂ ಇಳಿಯುತ್ತಿತ್ತು. ಕುಂಬಳೆಯ ನಮ್ಮ ಮನೆಯ ಉಪ್ಪರಿಗೆಯಲ್ಲಿ, ಮೇ ತಿಂಗಳ ಸೆಕೆಯಲ್ಲಿ, ಚಾರ್ಜರ್ ಕಳಚಿ, ಪರದೆಯ ಬೆಳಕನ್ನು ಅರ್ಧಕ್ಕಿಟ್ಟು, ಒಂದೇ ದಾರಿಯಲ್ಲಿ 20 ನಿಮಿಷ ಓಡಾಡಿ ಎರಡು ಉಪಾಯಗಳನ್ನು ಬೇರೆ ಬೇರೆಯಾಗಿ ಹೋಲಿಸಿ ನೋಡಿದೆ.

ಮೊದಲು ನೆರಳನ್ನು ಮುಟ್ಟದೆ ರೆಸಲ್ಯೂಶನ್ ಸ್ಕೇಲನ್ನು ಶೇಕಡಾ 80ಕ್ಕೆ ಇಳಿಸಿದೆ. ಉದ್ದ, ಅಗಲ ಎರಡೂ ಕುಗ್ಗುವುದರಿಂದ 1080 × 2400ರ ಪರದೆಯಲ್ಲಿ ಚಿತ್ರಿಸಬೇಕಾದ ಪಿಕ್ಸೆಲ್‌ಗಳು ಸುಮಾರು 25.9 ಲಕ್ಷದಿಂದ 16.6 ಲಕ್ಷಕ್ಕೆ ಬರುತ್ತವೆ. ಹುಲ್ಲುಗಾವಲಿನಲ್ಲಿ ಫ್ರೇಮು 57ಕ್ಕೆ ಏರಿತು. ದೂರದ ಎಲೆಗಳು ತುಸು ಮಸುಕಾದರೂ, ಈ ಆಟ ಬಟನ್ನು, ಅಕ್ಷರಗಳನ್ನು ಪೂರ್ಣ ರೆಸಲ್ಯೂಶನ್ನಿನಲ್ಲೇ ಬರೆಯುವುದರಿಂದ ಅವು ಕೆಡಲಿಲ್ಲ. ಆದರೆ ಪೇಟೆಯಲ್ಲಿ ಸಿಕ್ಕಿದ್ದು ಬರೇ 40. ಸ್ಕೇಲು ಇಳಿಸಿದರೂ ಫ್ರೇಮು ಏರದಿದ್ದರೆ ಅಡ್ಡಿ ಇರುವುದು ಜಿಪಿಯುವಿನ ಪಿಕ್ಸೆಲ್ ಕೆಲಸದಲ್ಲಲ್ಲ, ಹೆಚ್ಚಾಗಿ ಸಿಪಿಯುವಿನಲ್ಲಿ ಎಂದು ತಿಳಿಯಬಹುದು. ಈ ಒಂದು ಪರೀಕ್ಷೆಯನ್ನು ಎಲ್ಲರೂ ಮೊದಲು ಮಾಡಿ ನೋಡಬೇಕೆಂಬುದು ನನ್ನ ಅಭಿಪ್ರಾಯ.

ಬಳಿಕ ಸ್ಕೇಲನ್ನು 100ಕ್ಕೆ ಮರಳಿಸಿ ನೆರಳನ್ನು ಕನಿಷ್ಠಕ್ಕೆ ಇಳಿಸಿದೆ. ನೆರಳು ಬೀಳಿಸಲು ಆಟವು ಅದೇ ದೃಶ್ಯವನ್ನು ಸೂರ್ಯನ ಕಡೆಯಿಂದ ಇನ್ನೊಮ್ಮೆ ಚಿತ್ರಿಸಬೇಕಾಗುತ್ತದೆ. ಪೇಟೆಯ ಪ್ರತಿಯೊಂದು ಅಂಗಡಿ, ಬುಟ್ಟಿ, ಮನುಷ್ಯನಿಗೂ ಸಿಪಿಯು ಮತ್ತೊಂದು ಆದೇಶ ಕಳುಹಿಸಬೇಕು. ನೆರಳಿನ ದೂರ ಕಡಿಮೆಯಾದೊಡನೆ ಆ ಆದೇಶಗಳೂ ಕಡಿಮೆಯಾಗಿ ಪೇಟೆಯಲ್ಲಿ 51 ಸಿಕ್ಕಿತು, ಹುಲ್ಲಿನಲ್ಲಿ 50. ಮರದ ನೆರಳಿನ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಂಡಿತು, ಆದರೆ ಓಡುವಾಗ ಅದು ಕಣ್ಣಿಗೆ ಬೀಳುವುದಿಲ್ಲ.

ಒಂದನ್ನೇ ಆರಿಸಬೇಕೆಂದಾದರೆ ನಾನು ನೆರಳನ್ನೇ ಇಳಿಸುತ್ತೇನೆ. ಆದರೂ ಸ್ಕೇಲು 100ರಲ್ಲಿದ್ದಾಗ 15ನೇ ನಿಮಿಷಕ್ಕೆ ಕ್ಯಾಮೆರಾದ ಪಕ್ಕ ಬೆರಳಿಡಲಾಗದಷ್ಟು ಬಿಸಿಯಾಗಿ, ಫೋನು ತನ್ನ ವೇಗವನ್ನು ತಾನೇ ತಗ್ಗಿಸಿಕೊಂಡು, ಪೇಟೆಯಲ್ಲಿ ಫ್ರೇಮು 43ಕ್ಕೆ ಕುಸಿಯಿತು. ಎರಡನ್ನೂ ಇಳಿಸಿದಾಗ ಕೊನೆಯವರೆಗೂ 48ರ ಕೆಳಗೆ ಹೋಗಲಿಲ್ಲ. ಆದರೆ 48 ಮತ್ತು 60ರ ನಡುವಿನ ಏರಿಳಿತ ಕೈಗೆ ತಿಳಿಯುತ್ತಿದ್ದುದರಿಂದ, 120 ಹರ್ಟ್ಸ್ ಪರದೆಯ ಮೇಲೆ ಆಟದ ಮಿತಿಯನ್ನು 40ಕ್ಕೆ ಕಟ್ಟಿದೆ. ಆಗ ಪ್ರತಿ ಫ್ರೇಮೂ ಸರಿಯಾಗಿ ಮೂರು ರಿಫ್ರೆಶ್ ಕಾಲ, ಅಂದರೆ 25 ಮಿಲಿಸೆಕೆಂಡು, ನಿಲ್ಲುತ್ತದೆ. 60 ಹರ್ಟ್ಸ್ ಪರದೆಯಲ್ಲಿ 40 ಸಮನಾಗಿ ಕೂರುವುದಿಲ್ಲ, ಅಲ್ಲಿ 30ಕ್ಕೇ ಕಟ್ಟಬೇಕು. ಹೊಸ ಊರಿಗೆ ಕಾಲಿಟ್ಟಾಗ ಬರುವ ಕ್ಷಣದ ತಡೆ ಮಾತ್ರ ಉಳಿಯಿತು. ಅದು ಸ್ಟೋರೇಜಿನಿಂದ ದೃಶ್ಯ ತುಂಬಿಕೊಳ್ಳುವ ಸಮಯವಾದ್ದರಿಂದ ಈ ಎರಡು ಸೆಟ್ಟಿಂಗುಗಳಿಂದ ಹೋಗುವಂಥದ್ದಲ್ಲ.